170 ರೂಪಾಯಿಯ ಸ್ವಾತಂತ್ರ್ಯ

ಜುಲೈ 2023ರಲ್ಲಿ ಕರ್ನಾಟಕದ ಬಿಪಿಎಲ್ ಮನೆಗಳ ಬ್ಯಾಂಕ್ ಖಾತೆಗೆ ದುಡ್ಡು ಬೀಳೋಕೆ ಶುರುವಾಯ್ತು. ತಲೆಗೆ 170 ರೂಪಾಯಿ. ಈ ಮೊತ್ತ ಎಲ್ಲಿಂದ ಬಂತು ಅನ್ನೋದು ನಿಮಗೆ ನೆನಪಿರಬಹುದು. ಅನ್ನಭಾಗ್ಯದಲ್ಲಿ ತಲೆಗೆ 10 ಕೆಜಿ ಅಕ್ಕಿ ಕೊಡ್ತೀವಿ ಅಂತ ಚುನಾವಣೆಯಲ್ಲಿ ಮಾತು ಕೊಡಲಾಗಿತ್ತು. ಅದರಲ್ಲಿ 5 ಕೆಜಿ ಕೇಂದ್ರದಿಂದ ಹೇಗೂ ಉಚಿತವಾಗಿ ಬರುತ್ತಿತ್ತು. ಉಳಿದ 5 ಕೆಜಿಗೆ ರಾಜ್ಯ ಸರ್ಕಾರ ಭಾರತ ಆಹಾರ ನಿಗಮದ ಅಕ್ಕಿಯನ್ನು ನಂಬಿಕೊಂಡಿತ್ತು. ಜೂನ್ ತಿಂಗಳಲ್ಲಿ ಕೇಂದ್ರವು ರಾಜ್ಯಗಳಿಗೆ ಆ ಮಾರಾಟವನ್ನು ನಿಲ್ಲಿಸಿತು. ಅಷ್ಟು ಅಕ್ಕಿ ಬೇರೆ ಕಡೆ ತಕ್ಷಣ ಸಿಗಲಿಲ್ಲ. ಸರಿ, ಅಕ್ಕಿ ಸಿಗೋವರೆಗೆ ಕೆಜಿಗೆ 34 ರೂಪಾಯಿಯಂತೆ ದುಡ್ಡೇ ಕೊಡೋಣ ಅಂತಾಯ್ತು. ಐದು ಮೂವತ್ನಾಲ್ಕಲೆ ನೂರಎಪ್ಪತ್ತು.

ಆಗ ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಎರಡೇ ಪಕ್ಷ. ಒಬ್ಬರು, "ದುಡ್ಡು ಕೊಟ್ರೆ ಸಂಜೆಗೆ ಬಾರಿಗೆ ಹೋಗುತ್ತೆ, ಅಕ್ಕಿ ಕೊಟ್ರೆ ಮಕ್ಕಳ ಹೊಟ್ಟೆಗಾದ್ರೂ ಹೋಗುತ್ತೆ" ಅಂದರು. ಇನ್ನೊಬ್ಬರು, "ಅವರ ದುಡ್ಡು, ಅವರಿಷ್ಟ. ಬಡವರಿಗೆ ಏನು ಬೇಕು ಅಂತ ಹೇಳೋಕೆ ನಾವ್ಯಾರು?" ಅಂದರು. ಎರಡನೆಯವರ ಮಾತು ನನಗೆ ತಕ್ಷಣ ಹಿಡಿಸಿತು. ಕೇಳೋಕೆ ಗೌರವದ ಮಾತು ಅದು. ಆದರೆ ಗೌರವದ ಮಾತು ನಿಜವೂ ಆಗಿರಬೇಕು ಅಂತೇನಿಲ್ಲವಲ್ಲ. ದುಡ್ಡು ಕೊಟ್ಟರೆ ಮನೆಯೊಂದರ ಸ್ವಾತಂತ್ರ್ಯ ಹೆಚ್ಚುತ್ತಾ? ಯಾವಾಗ, ಎಷ್ಟು? ಇದನ್ನು ಅಳೆಯೋಕೆ ಅರ್ಥಶಾಸ್ತ್ರದ ಮೊದಲ ವರ್ಷದ ಪುಸ್ತಕದಲ್ಲಿ ಒಂದು ಸರಳ ಸಾಧನ ಇದೆ. ಬಜೆಟ್ ರೇಖೆ ಅಂತ ಅದರ ಹೆಸರು.

ಒಂದು ಹಾಳೆ ತಗೊಳ್ಳಿ. ಅಡ್ಡಗೆರೆಯ ಮೇಲೆ ಮನೆ ತಿಂಗಳಿಗೆ ಪಡೆಯುವ ಅಕ್ಕಿ. ಉದ್ದಗೆರೆಯ ಮೇಲೆ ಉಳಿದೆಲ್ಲದಕ್ಕೂ ಮಿಗುವ ದುಡ್ಡು: ಬೇಳೆ, ಎಣ್ಣೆ, ಬಸ್ ಚಾರ್ಜು, ಸ್ಕೂಲ್ ಫೀಸು ಎಲ್ಲಾ ಸೇರಿ. ಮನೆಯ ಆದಾಯವನ್ನೆಲ್ಲ ಅಕ್ಕಿಗೇ ಸುರಿದರೆ ಎಷ್ಟು ಸಿಗುತ್ತೆ, ಅಕ್ಕಿಯನ್ನೇ ಕೊಳ್ಳದಿದ್ದರೆ ಕೈಯಲ್ಲಿ ಎಷ್ಟು ಉಳಿಯುತ್ತೆ, ಈ ಎರಡು ಬಿಂದುಗಳನ್ನು ಸೇರಿಸಿ ಗೆರೆ ಎಳೆಯಿರಿ. ಆ ಗೆರೆ ಮತ್ತು ಅದರ ಕೆಳಗಿನ ಜಾಗವೇ ಆ ಮನೆಯ ಕೈಗೆಟುಕುವ ಬದುಕು. ಗೆರೆಯಾಚೆಗಿನದು ಅಂಗಡಿಯ ಗಾಜಿನಾಚೆಯ ವಸ್ತುಗಳ ಹಾಗೆ, ನೋಡಬಹುದು ಅಷ್ಟೆ. ಗೆರೆಯ ಇಳಿಜಾರು ಎಷ್ಟು ಕಡಿದು ಅನ್ನೋದು ಅಕ್ಕಿಯ ಬೆಲೆ: ಒಂದು ಕೆಜಿ ಜಾಸ್ತಿ ಬೇಕಂದ್ರೆ ಇಷ್ಟು ರೂಪಾಯಿ ಬಿಟ್ಟುಕೊಡಬೇಕು.

ಈಗ ಸರ್ಕಾರ ನೆರವು ಕೊಡುತ್ತೆ ಅಂದುಕೊಳ್ಳಿ. ದುಡ್ಡಾಗಿ ಕೊಟ್ಟರೆ ಇಡೀ ಗೆರೆ ಹಾಗೇ ಮೇಲಕ್ಕೆ ಸರಿಯುತ್ತೆ. ಅಕ್ಕಿಯಾಗಿ ಕೊಟ್ಟರೆ ಗೆರೆ ಬಲಕ್ಕೆ ಸರಿಯುತ್ತೆ, ಆದರೆ ಮೇಲ್ತುದಿ ಕತ್ತರಿಸಿಕೊಂಡು ಹೋಗುತ್ತೆ. ಯಾಕಂದ್ರೆ ಪುಕ್ಕಟೆ ಅಕ್ಕಿ ಬೇಡ, ಅದರ ಬದಲು ಬೇಳೆ ಕೊಡಿ ಅಂತ ನ್ಯಾಯಬೆಲೆ ಅಂಗಡಿಯಲ್ಲಿ ಕೇಳೋಕಾಗಲ್ಲ. ಹಾಗಾಗಿ ಗೆರೆ ಮೊದಲು ಚಪ್ಪಟೆಯಾಗಿ ಹೋಗಿ, ಪುಕ್ಕಟೆ ಅಕ್ಕಿ ಮುಗಿದ ಮೂಲೆಯಲ್ಲಿ ಮುರಿದು ಇಳಿಯೋಕೆ ಶುರುಮಾಡುತ್ತೆ. ದುಡ್ಡಿನ ಗೆರೆಯಲ್ಲಿ ಇದ್ದು ಅಕ್ಕಿಯ ಗೆರೆಯಲ್ಲಿ ಇಲ್ಲದಿರೋ ಆ ಮೇಲಿನ ತ್ರಿಕೋನವೇ ಅಕ್ಕಿ ಕಿತ್ತುಕೊಂಡ ಸ್ವಾತಂತ್ರ್ಯ. ಪಠ್ಯಪುಸ್ತಕ ಇಲ್ಲಿಗೆ ನಿಲ್ಲಿಸಿ, ದುಡ್ಡೇ ಮೇಲು, ಕನಿಷ್ಠ ಕೆಡುಕಂತೂ ಇಲ್ಲ ಅಂತ ತೀರ್ಪು ಕೊಡುತ್ತೆ.

ನಮಗೆ ಇದು ಹೊಸದೇನಲ್ಲ. ಸಂಬಳದ ಜತೆ ಮೀಲ್ ಕಾರ್ಡ್ ಬರುತ್ತಲ್ಲ, ಅದೂ ಇದೇ. ತಿಂಗಳಿಗೆ 2,000 ರೂಪಾಯಿ ಕಾರ್ಡಿಗೆ ಬಿದ್ದರೆ ಅದರಲ್ಲಿ ಊಟ, ದಿನಸಿ ತಗೋಬಹುದು, ಪೆಟ್ರೋಲ್ ಹಾಕಿಸೋಕಾಗಲ್ಲ. ಆದರೂ ನಾವ್ಯಾರೂ ನಮ್ಮ ಸ್ವಾತಂತ್ರ್ಯ ಹೋಯ್ತು ಅಂತ ಬೀದಿಗಿಳಿದಿಲ್ಲ. ಕಾರಣ ಸರಳ. ಕಾರ್ಡ್ ಇಲ್ಲದಿದ್ದರೂ ತಿಂಗಳಿಗೆ ದಿನಸಿಗೆ ಅದಕ್ಕಿಂತ ಹೆಚ್ಚೇ ಖರ್ಚು ಮಾಡ್ತೀವಿ. ಕಾರ್ಡಿನಿಂದ ಕೊಂಡ ದಿನಸಿಯ ದುಡ್ಡು ಜೇಬಿನಲ್ಲಿ ಉಳಿಯುತ್ತೆ, ಆ ದುಡ್ಡಲ್ಲಿ ಪೆಟ್ರೋಲ್ ಹಾಕಿಸ್ತೀವಿ. ನಾವು ಮೂಲೆಯ ಬಲಗಡೆ ನಿಂತಿದ್ದೀವಿ, ಕತ್ತರಿಸಿದ ತ್ರಿಕೋನ ನಮಗೆ ಬೇಕಾಗೇ ಇರಲಿಲ್ಲ. ಇದನ್ನು ಗಮನದಲ್ಲಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬೇಕಾಗುತ್ತೆ: ಕೊಟ್ಟ ವಸ್ತು ನಾವು ಹೇಗೂ ಕೊಳ್ಳುತ್ತಿದ್ದ ಪ್ರಮಾಣಕ್ಕಿಂತ ಕಡಿಮೆ ಇದ್ದರೆ ಅದು ದುಡ್ಡಿನ ಸಮವೇ.

ಈಗ 170 ರೂಪಾಯಿಗೆ ಬರೋಣ. ಪುಸ್ತಕದ ತೀರ್ಪಿನ ಹಿಂದೆ ಒಂದು ಷರತ್ತು ಅಡಗಿದೆ. ದುಡ್ಡಿನ ಗೆರೆ ಆ ಮೂಲೆಯ ಮೂಲಕವೇ ಹಾದುಹೋಗಬೇಕು. ಅಂದರೆ ಕೊಟ್ಟ ದುಡ್ಡಿನಲ್ಲಿ, ಆ ಮನೆಯ ಪಕ್ಕದ ಅಂಗಡಿಯಲ್ಲಿ, ಅಷ್ಟೇ ಅಕ್ಕಿ ಸಿಗಬೇಕು. 34 ರೂಪಾಯಿ ಅನ್ನೋದು ಆಹಾರ ನಿಗಮದ ದರ. ಕಿರಾಣಿ ಅಂಗಡಿಯವರು ನಿಗಮದ ದರಕ್ಕೆ ಅಕ್ಕಿ ಮಾರಲ್ಲ. ಲೆಕ್ಕಕ್ಕೆ ಅಂಗಡಿಯ ಬೆಲೆ ಕೆಜಿಗೆ 45 ಅಂತ ಇಟ್ಟುಕೊಳ್ಳೋಣ. ನಾಲ್ಕು ಜನರ ಮನೆ. ಕೇಂದ್ರದ 20 ಕೆಜಿ ಎರಡೂ ವ್ಯವಸ್ಥೆಯಲ್ಲಿ ಬಂದೇ ಬರುತ್ತೆ, ಅದನ್ನು ಪಕ್ಕಕ್ಕಿಡಿ. ಲೆಕ್ಕ ಸುಲಭವಾಗಲಿ ಅಂತ ಅದನ್ನೂ ಪೂರ್ತಿ ಅಕ್ಕಿ ಅಂತಲೇ ಹಿಡಿಯೋಣ. ಪ್ರಶ್ನೆ ಇರೋದು ಮುಂದಿನದರ ಬಗ್ಗೆ: ಇನ್ನೂ 20 ಕೆಜಿ ಅಕ್ಕಿಯಾ, ಇಲ್ಲ 680 ರೂಪಾಯಿಯಾ?

ಮೊದಲನೆಯ ಮನೆ ತುಮಕೂರು ಕಡೆಯದು ಅಂದುಕೊಳ್ಳಿ. ರಾತ್ರಿಗೆ ಮುದ್ದೆ, ಮಧ್ಯಾಹ್ನಕ್ಕೆ ಅನ್ನ. ತಿಂಗಳಿಗೆ 28 ಕೆಜಿ ಅಕ್ಕಿ ಸಾಕು, ಅಂದರೆ ಹೆಚ್ಚುವರಿ 8 ಕೆಜಿ. ದುಡ್ಡು ಬಂದರೆ 8 ಕೆಜಿಗೆ 360 ಖರ್ಚಾಗಿ 320 ಉಳಿಯುತ್ತೆ. ರಾಗಿಗೋ ಬೇಳೆಗೋ ಆಯ್ತು. ಅಕ್ಕಿಯಾಗಿ ಬಂದರೆ 12 ಕೆಜಿ ಮಿಗುತ್ತೆ. ಆ ಮಿಕ್ಕ ಅಕ್ಕಿಯನ್ನು ಏನು ಮಾಡ್ತಾರೆ? ಸಂಜೆ ಹೊತ್ತಿಗೆ ಗಾಡಿಯಲ್ಲಿ ಬಂದು ಕೊಳ್ಳುವವರಿಗೆ ಕೆಜಿಗೆ 15ಕ್ಕೆ ಕೊಟ್ಟರು ಅಂದುಕೊಳ್ಳಿ, 180 ರೂಪಾಯಿ ಸಿಕ್ಕಿತು. ದುಡ್ಡಿನ ದಾರಿಯಲ್ಲಿ ಅವರು 140 ರೂಪಾಯಿ ಮೇಲಿದ್ದಾರೆ.

ಎರಡನೆಯ ಮನೆ ಬೆಂಗಳೂರಿನ ಹೊರವಲಯದಲ್ಲಿ, ಕಟ್ಟಡ ಕೆಲಸದವರದ್ದು. ನಾಲ್ಕೂ ಜನ ದೊಡ್ಡವರು, ಮೈಮುರಿಯೋ ದುಡಿಮೆ, ಮೂರು ಹೊತ್ತೂ ಅನ್ನ. 40 ಕೆಜಿಯೂ ಖರ್ಚಾಗುತ್ತೆ. ಅಕ್ಕಿಯಾಗಿ ಬಂದರೆ ಅವರು ಅಂಗಡಿಗೆ ಹೋಗೋದೇ ಬೇಡ. 680 ರೂಪಾಯಿ ಬಂದರೆ ಅದರಲ್ಲಿ ಸಿಗೋದು ಸುಮಾರು 15 ಕೆಜಿ. ಉಳಿದ 5 ಕೆಜಿಗೆ ಕೈಯಿಂದ 220 ರೂಪಾಯಿ ಹಾಕಬೇಕು. ಇವರಿಗೆ ದುಡ್ಡು ಅಂದರೆ ತಿಂಗಳಿಗೆ 220 ರೂಪಾಯಿ ನಷ್ಟ.

ಹಾಳೆಯ ಮೇಲೆ ನೋಡಿದರೆ ಎರಡು ಗೆರೆಗಳು ಒಂದನ್ನೊಂದು ಕತ್ತರಿಸುತ್ತವೆ. ಮಿಕ್ಕ ಅಕ್ಕಿಯನ್ನು 15ಕ್ಕೆ ಮಾರಬಹುದು ಅಂದಾದರೆ ಅವು ಸೇರೋದು ಸುಮಾರು 12.7 ಕೆಜಿಯ ಹತ್ತಿರ. ಅದಕ್ಕಿಂತ ಕಡಿಮೆ ಹೆಚ್ಚುವರಿ ಅಕ್ಕಿ ಬೇಕಾದ ಮನೆಗೆ ದುಡ್ಡು ಮೇಲು, ಹೆಚ್ಚು ಬೇಕಾದ ಮನೆಗೆ ಅಕ್ಕಿ ಮೇಲು. ಇಲ್ಲಿ ಯಾರ ಸ್ವಾತಂತ್ರ್ಯ ಹೆಚ್ಚಾಯ್ತು? ಮುದ್ದೆಯ ಮನೆಯದು ಹೆಚ್ಚಾಯ್ತು, ಅನ್ನದ ಮನೆಯದು ಕುಗ್ಗಿತು. "ಅವರಿಷ್ಟಕ್ಕೆ ಬಿಡಿ" ಅನ್ನೋ ನಮ್ಮ ಊಟದ ಟೇಬಲ್ಲಿನ ಮಾತು, ಅತಿ ಹೆಚ್ಚು ಅನ್ನ ತಿಂದು ದುಡಿಯುವವರ ತಟ್ಟೆಯಿಂದಲೇ ಒಂದಿಷ್ಟು ತೆಗೆದು ಆ ಸ್ವಾತಂತ್ರ್ಯದ ಖರ್ಚು ತುಂಬಿಸುತ್ತೆ. ಇದು ದುಡ್ಡಿನ ತಪ್ಪಲ್ಲ ನಿಜ, 34ರ ತಪ್ಪು. 45 ಕೊಟ್ಟಿದ್ದರೆ ಗೆರೆ ಮೂಲೆಗೆ ಸರಿಯಾಗಿ ತಾಗುತ್ತಿತ್ತು.

ಆದರೆ 45 ಕೊಟ್ಟರೂ ಎಷ್ಟು ದಿನ? ಅಕ್ಕಿಯ ಬೆಲೆ 55 ಆದರೆ ಗೆರೆ ಇನ್ನಷ್ಟು ಕಡಿದಾಗುತ್ತೆ, 680 ರೂಪಾಯಿಗೆ ಸಿಗೋದು 12 ಕೆಜಿ ಚಿಲ್ಲರೆ. ಅದೇ ಅಕ್ಕಿಯಾಗಿ ಕೊಟ್ಟಿದ್ದರೆ 20 ಕೆಜಿ 20 ಕೆಜಿಯಾಗೇ ಇರುತ್ತೆ. ಬೆಲೆ ಏರಿಕೆಯ ಹೊರೆ ಯಾರ ತಲೆ ಮೇಲೆ ಬೀಳಬೇಕು ಅನ್ನೋ ಪ್ರಶ್ನೆ ಇದು. ಅಕ್ಕಿ ಕೊಡುವಾಗ ಸರ್ಕಾರ ಹೊರುತ್ತೆ, ದುಡ್ಡು ಕೊಡುವಾಗ ಮನೆ ಹೊರುತ್ತೆ. ಅಮರ್ತ್ಯ ಸೇನ್ 1981ರಲ್ಲಿ ಬರಗಾಲಗಳ ಬಗ್ಗೆ ಬರೆದ ಪುಸ್ತಕದ ತಿರುಳೂ ಇದೇ. 1943ರ ಬಂಗಾಳದಲ್ಲಿ ಜನ ಸತ್ತಿದ್ದು ಧಾನ್ಯವೇ ಇಲ್ಲದೆ ಅಂತ ಅಲ್ಲ, ಕೂಲಿಯ ದುಡ್ಡಿಗೆ ಸಿಗುವ ಧಾನ್ಯ ಕುಸಿದುಬಿದ್ದದ್ದರಿಂದ ಅಂತ ಅವರು ವಾದಿಸಿದರು. ಕೈಯಲ್ಲಿ ದುಡ್ಡಿತ್ತು, ಆದರೆ ಗೆರೆ ಒಳಕ್ಕೆ ಮಡಚಿಕೊಂಡಿತ್ತು. ನಮ್ಮ ಸಂಬಳದಲ್ಲಿ ಅಕ್ಕಿಯ ಪಾಲು ಎಷ್ಟು ಚಿಕ್ಕದು ಅಂದ್ರೆ, 10 ರೂಪಾಯಿ ಏರಿದ್ದು ನಮಗೆ ಗೊತ್ತೂ ಆಗಲ್ಲ. ಆ ಅನುಭವದಿಂದ ಇನ್ನೊಬ್ಬರ ಸ್ವಾತಂತ್ರ್ಯ ಅಳೆಯೋಕೆ ಹೋದರೆ ಕೋಲು ತಪ್ಪುತ್ತೆ.

ದುಡ್ಡು ಅಂದ ಮಾತ್ರಕ್ಕೆ ಆಯ್ಕೆ ಬರುತ್ತೆ ಅನ್ನೋದಕ್ಕೂ ಒಂದು ಎಚ್ಚರಿಕೆ ಬೇಕು. ಜಾರ್ಖಂಡಿನ ರಾಂಚಿ ಪಕ್ಕದ ನಗಡಿ ಬ್ಲಾಕಿನಲ್ಲಿ ಅಕ್ಟೋಬರ್ 2017ರಲ್ಲಿ ಒಂದು ಪ್ರಯೋಗ ನಡೆಯಿತು. ಮೊದಲು ರೂಪಾಯಿಗೆ ಕೆಜಿ ಸಿಗುತ್ತಿದ್ದ ಅಕ್ಕಿಯನ್ನು ಜನ ಅದೇ ರೇಷನ್ ಅಂಗಡಿಯಲ್ಲಿ 32 ರೂಪಾಯಿಗೆ ಕೊಳ್ಳಬೇಕು, ಅದಕ್ಕಾಗಿ ಸರ್ಕಾರ ಮೊದಲೇ ಖಾತೆಗೆ ದುಡ್ಡು ಹಾಕುತ್ತೆ. ಹಾಳೆಯ ಮೇಲೆ ಬಜೆಟ್ ರೇಖೆ ಅಲುಗಾಡಲೇ ಇಲ್ಲ. ನೆಲದ ಮೇಲೆ ಆದದ್ದು ಬೇರೆ. ದುಡ್ಡು ಬಂತಾ ಅಂತ ನೋಡೋಕೆ ಬ್ಯಾಂಕಿಗೆ, ತೆಗೆಯೋಕೆ ಸೇವಾ ಕೇಂದ್ರಕ್ಕೆ, ಕೊನೆಗೆ ಅಂಗಡಿಗೆ ಅಂತ ಜನ ಅಲೆದರು. ಒಂದು ದಿನದ ಕೂಲಿ ಹೋದರೆ ಆ ತಿಂಗಳ ನೆರವಿನಲ್ಲಿ ಒಳ್ಳೆಯ ಪಾಲು ಅಲ್ಲೇ ಕರಗಿತು. ಪ್ರತಿಭಟನೆಗಳಾದವು, ಆಗಸ್ಟ್ 2018ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಬಜೆಟ್ ರೇಖೆಯಲ್ಲಿ ಸಮಯಕ್ಕೆ ಜಾಗವಿಲ್ಲ, ಅದೇ ಅದರ ಮಿತಿ. ನಮ್ಮಲ್ಲೂ 170 ರೂಪಾಯಿ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಯ್ತು ಅಂತ ಪತ್ರಿಕೆಗಳಲ್ಲಿ ಓದಿದೆವು. ಮುಂದಿನ ತಿಂಗಳ ದುಡ್ಡಲ್ಲಿ ಈ ತಿಂಗಳ ಅನ್ನ ಮಾಡೋಕಾಗಲ್ಲ.

ಹಾಗಾದ್ರೆ ಬಾರಿನ ಮಾತು ಆಡಿದವರೇ ಸರಿಯಾ? ಅವರ ಲೆಕ್ಕದಲ್ಲೂ ತೂತಿದೆ. ಕುಡಿಯೋಕೆ ದುಡ್ಡು ಬೇಕೇಬೇಕು ಅನ್ನೋ ಮನುಷ್ಯ ಅಕ್ಕಿಯ ಮೂಟೆಯನ್ನು 15ಕ್ಕೆ ಮಾರಬಲ್ಲ. ಮಾರದಿದ್ದರೂ, ಪುಕ್ಕಟೆ ಅಕ್ಕಿಯಿಂದ ಉಳಿದ ದಿನಸಿಯ ದುಡ್ಡು ಅವನ ಜೇಬಿಗೇ ಬರುತ್ತೆ, ಮೀಲ್ ಕಾರ್ಡಿನಿಂದ ಉಳಿದದ್ದು ನಮ್ಮ ಜೇಬಿಗೆ ಬಂದ ಹಾಗೆ. ರೇಷನ್ ಅಕ್ಕಿ ಮಾರೋದನ್ನು ನಾವು ಕಳ್ಳತನದ ಹಾಗೆ ನೋಡ್ತೀವಿ, ಕಾನೂನೂ ಅದನ್ನು ಒಪ್ಪಲ್ಲ. ಆದರೆ ಆ ತುಮಕೂರಿನ ಮನೆಯನ್ನು ಇನ್ನೊಮ್ಮೆ ನೋಡಿ. 12 ಕೆಜಿ ಬೇಡದ ಅಕ್ಕಿಯನ್ನು ಅವರು ಬೇಕಾದ ರಾಗಿಯಾಗಿ ಬದಲಾಯಿಸಿಕೊಂಡರು. ತಮಗೆ ಕೊಡದ ಆಯ್ಕೆಯನ್ನು ದುಬಾರಿ ಬೆಲೆ ತೆತ್ತು ತಾವೇ ಕೊಂಡುಕೊಂಡರು. 45ರ ಅಕ್ಕಿ 15ಕ್ಕೆ ಹೋಯ್ತು, ನಡುವಿನ 30 ರೂಪಾಯಿ ಗಾಡಿಯವರಿಗೂ ಅವರ ಹಿಂದಿನ ಮಿಲ್ಲಿನವರಿಗೂ ಸೇರಿತು. ಕುಡುಕನನ್ನು ತಡೆಯೋಕೆ ಹಾಕಿದ ಬೇಲಿಯ ಬಾಡಿಗೆಯನ್ನು ಮುದ್ದೆ ತಿನ್ನುವವರು ಕಟ್ಟುತ್ತಿದ್ದಾರೆ.

ಇಲ್ಲಿ ಒಂದು ಮಾತನ್ನು ಮಾತ್ರ ನಾನು ಬಾರಿನ ಪಕ್ಷಕ್ಕೆ ಬಿಟ್ಟುಕೊಡ್ತೀನಿ. ಬಜೆಟ್ ರೇಖೆ ಇಡೀ ಮನೆಗೆ ಒಂದೇ ಮನಸ್ಸು ಅಂತ ಭಾವಿಸುತ್ತೆ. ಮನೆಯಲ್ಲಿ ಇರೋದು ನಾಲ್ಕು ಮನಸ್ಸು. "ಅವರಿಷ್ಟ" ಅಂದಾಗ ಯಾರಿಷ್ಟ? 2013ರ ಆಹಾರ ಭದ್ರತಾ ಕಾಯ್ದೆ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿ ಅಂತ ಗುರುತಿಸುತ್ತೆ. ಹಾಗಾಗಿ ಖಾತೆ ಅವರ ಹೆಸರಲ್ಲಿರಬಹುದು. ಆದರೆ ಎಟಿಎಂ ಕಾರ್ಡು ಯಾರ ಜೇಬಲ್ಲಿದೆ ಅನ್ನೋದನ್ನು ಕಾಯ್ದೆ ಹೇಳೋಕಾಗಲ್ಲ. ಅಕ್ಕಿಗೆ ಒಂದು ಗುಣ ಇದೆ: ಅದು ಅಡುಗೆಮನೆಗೆ ಬರುತ್ತೆ, ಡಬ್ಬ ಎಷ್ಟು ತುಂಬಿದೆ ಅಂತ ಎಲ್ಲರಿಗೂ ಕಾಣುತ್ತೆ, ಖಾಲಿಯಾದರೆ ಕೇಳಬಹುದು. ದುಡ್ಡು ಎಲ್ಲಿ ಹೋಯ್ತು ಅಂತ ಕೇಳುವ ಸ್ವಾತಂತ್ರ್ಯ ಎಲ್ಲಾ ಮನೆಗಳಲ್ಲೂ ಎಲ್ಲರಿಗೂ ಇಲ್ಲ. ಮನೆಯ ಆಯ್ಕೆ ದೊಡ್ಡದಾದಾಗ ಮನೆಯೊಳಗಿನ ಒಬ್ಬರ ಆಯ್ಕೆ ಚಿಕ್ಕದಾಗಬಹುದು. ಅದು ಎಷ್ಟು ಮನೆಗಳಲ್ಲಿ ಅನ್ನೋದನ್ನು ಹೊರಗಿನಿಂದ ನಾವು ಊಹಿಸಿ ತೀರ್ಮಾನಿಸೋಕೆ ಬರಲ್ಲ. ಅಡುಗೆ ಮಾಡುವವರನ್ನೇ ಕೇಳಬೇಕು.

ಸಹಜವಾಗಿ ಬರುವ ಉಪಾಯ: ಇಬ್ಬರಿಗೂ ಬೇಕಾದ್ದನ್ನೇ ಕೊಡಿ, ಅಕ್ಕಿ ಬೇಕಾದವರಿಗೆ ಅಕ್ಕಿ, ದುಡ್ಡು ಬೇಕಾದವರಿಗೆ ದುಡ್ಡು. ಹಾಳೆಯ ಮೇಲೆ ಇದು ಚೆನ್ನಾಗಿದೆ, ಎರಡು ಗೆರೆಗಳಲ್ಲಿ ಹೊರಗಿನ ಭಾಗವೆಲ್ಲ ಸಿಗುತ್ತೆ. ನ್ಯಾಯವೂ ಹೌದು. ಆದರೆ ನ್ಯಾಯಬೆಲೆ ಅಂಗಡಿ ನಡೆಯೋದು ಹಂಚಿದ ಪ್ರತಿ ಕ್ವಿಂಟಲ್ಲಿನ ಕಮಿಷನ್ನಿನ ಮೇಲೆ. ಒಂದು ಹಳ್ಳಿಯ ಮುಕ್ಕಾಲು ಮನೆ ದುಡ್ಡು ಆರಿಸಿಕೊಂಡರೆ ಅಂಗಡಿ ತಿಂಗಳಿಗೆ ಎಷ್ಟು ದಿನ ಬಾಗಿಲು ತೆರೆಯುತ್ತೆ? ಅಂಗಡಿ ಮುಚ್ಚಿದ ದಿನ ಉಳಿದ ಕಾಲು ಭಾಗದವರ ಆಯ್ಕೆಯೂ ಮುಚ್ಚುತ್ತೆ. ಅವರೇ ಹೆಚ್ಚು ಅನ್ನ ಬೇಕಾದವರು.

2025ರ ಆರಂಭದಲ್ಲಿ ಕೇಂದ್ರ ಕೆಜಿಗೆ 22 ರೂಪಾಯಿ 50 ಪೈಸೆಗೆ ಅಕ್ಕಿ ಕೊಡಲು ಒಪ್ಪಿದ ಮೇಲೆ ಕರ್ನಾಟಕ ಮತ್ತೆ ಅಕ್ಕಿಗೇ ಮರಳಿತು. ರಾಜ್ಯದ ಖಜಾನೆಗೆ ನಮ್ಮ ನಾಲ್ಕು ಜನರ ಮನೆಯ ಅಕ್ಕಿ ಆಗ ಸಾಗಾಟ ಬಿಟ್ಟು 450 ರೂಪಾಯಿ, ದುಡ್ಡಾದರೆ 680. ಖಜಾನೆಗೆ ಅಗ್ಗ, ಕಟ್ಟಡ ಕೆಲಸದ ಮನೆಗೂ ಲಾಭ. ತುಮಕೂರಿನ ಮನೆಯ ಮುಂದೆ ಮತ್ತೆ ಗಾಡಿ. ಅಕ್ಟೋಬರ್ 2025ರಲ್ಲಿ ಸಚಿವ ಸಂಪುಟ ಇನ್ನೊಂದು ತೀರ್ಮಾನಕ್ಕೆ ಬಂತು: ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆ, ಅಡುಗೆ ಎಣ್ಣೆ, ಸಕ್ಕರೆ, ಉಪ್ಪು ಇರುವ ಆಹಾರ ಕಿಟ್. ನೋಡೋಕೆ ಇದು ಇನ್ನೂ ಹೆಚ್ಚು ಯಜಮಾನಿಕೆ ಅನ್ನಿಸುತ್ತೆ. ಅಕ್ಕಿ ಮಾತ್ರವಲ್ಲ, ಸಾರಿಗೆ ಯಾವ ಬೇಳೆ ಅನ್ನೋದನ್ನೂ ಸರ್ಕಾರವೇ ಹೇಳುತ್ತಿದೆ ಅಂತ.

ಮೀಲ್ ಕಾರ್ಡಿನ ಪರೀಕ್ಷೆಯನ್ನು ಇಲ್ಲಿ ಹಾಕಿ ನೋಡಿ. ಮುದ್ದೆ ತಿನ್ನುವ ಮನೆಗೂ ಅನ್ನ ತಿನ್ನುವ ಮನೆಗೂ ತಿಂಗಳಿಗೆ ಎಣ್ಣೆ ಬೇಕು, ಬೇಳೆ ಬೇಕು, ಉಪ್ಪು ಬೇಕು. ಕಿಟ್ಟಿನಲ್ಲಿ ಬರೋದು ಅವರು ಹೇಗೂ ಅಂಗಡಿಯಲ್ಲಿ ಕೊಳ್ಳುತ್ತಿದ್ದಷ್ಟಕ್ಕಿಂತ ಕಡಿಮೆ ಇದ್ದರೆ, ಹೆಚ್ಚಿನ ಮನೆಗಳು ಮೂಲೆಯ ಬಲಗಡೆ ನಿಲ್ಲುತ್ತವೆ. ಕತ್ತರಿಸಿಹೋದ ತ್ರಿಕೋನ ಅವರಿಗೆ ಬೇಕಿರಲಿಲ್ಲ. ಉಳಿದ ದುಡ್ಡು ಅವರಿಷ್ಟಕ್ಕೆ ಬಂದಿತು, ಎಣ್ಣೆಯ ಬೆಲೆ ಏರಿದರೆ ಆ ಹೊರೆ ಅವರ ಮೇಲೆ ಬೀಳಲಿಲ್ಲ. ವಸ್ತುವಿನ ರೂಪದಲ್ಲೇ ದುಡ್ಡಿನ ಸ್ವಾತಂತ್ರ್ಯ ಸಿಕ್ಕಿತು. 20 ಕೆಜಿಯ ಮೇಲೆ ಮತ್ತೆ 20 ಕೆಜಿ ಅಕ್ಕಿ ಸುರಿದಾಗ ತುಮಕೂರಿನ ಮನೆಗೆ ಸಿಗದಿದ್ದುದು ಇದೇ. ತೊಂದರೆ ಇದ್ದದ್ದು ವಸ್ತು ಕೊಟ್ಟದ್ದರಲ್ಲಲ್ಲ, ಒಂದೇ ವಸ್ತುವನ್ನು ಬೇಕಾದ್ದಕ್ಕಿಂತ ಹೆಚ್ಚು ಕೊಟ್ಟದ್ದರಲ್ಲಿ. ಅನ್ನದ ಮನೆಗೆ ಮಾತ್ರ ಕಿಟ್ ಬಂದ ಮೇಲೆ ಅಕ್ಕಿಯನ್ನು ಮತ್ತೆ ಅಂಗಡಿಯಿಂದ ತರಬೇಕಾಗುತ್ತೆ, ಅವರಿಗೆ ಇದು ಎಷ್ಟಕ್ಕೆ ಸಮ ಅನ್ನೋದು ಕಿಟ್ಟಿನ ಬೆಲೆಯ ಮೇಲೆ ನಿಂತಿದೆ.

ಹಾಗಾಗಿ ಈಗ ಊಟದ ಟೇಬಲ್ಲಿನಲ್ಲಿ ಯಾರಾದರೂ "ಅಕ್ಕಿಯಾ, ಕಾಸಾ?" ಅಂತ ಶುರುಮಾಡಿದರೆ ನಾನು ಪಕ್ಷ ಸೇರೋ ಮೊದಲು ಮೂರು ವಿಷಯ ಕೇಳ್ತೀನಿ. ಕೊಡೋದು ಮನೆ ಹೇಗೂ ಕೊಳ್ಳುವ ಪ್ರಮಾಣಕ್ಕಿಂತ ಕಡಿಮೆಯಾ, ಜಾಸ್ತಿಯಾ? ದುಡ್ಡಾದರೆ ಅದು ಪಕ್ಕದ ಅಂಗಡಿಯ ಬೆಲೆಯ ಜತೆ ಏರುತ್ತಾ, ಇಲ್ಲ 170ಕ್ಕೇ ನಿಂತುಬಿಡುತ್ತಾ? ಆ ಡಬ್ಬದ ಮುಚ್ಚಳ ತೆಗೆಯುವವರು ಏನು ಹೇಳ್ತಾರೆ? ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಸ್ವಾತಂತ್ರ್ಯದ ಬಗ್ಗೆ ಮಾತಾಡೋಣ. ಅಲ್ಲಿವರೆಗೆ ಅದು ನಮ್ಮ ಆದರ್ಶ ಅಷ್ಟೆ, ಖರ್ಚು ಮಾತ್ರ ಅವರದ್ದು.